‘ಪ್ರಬಲ ಜಾತಿ’ ಬರೆಯುವ ಮುನ್ನ ಆ ಲೇಖನವನ್ನು ಮೂರು ಭಾಗ ಮಾಡೋಣ

ಚುನಾವಣೆ ಬಂತೆಂದರೆ ಜಿಲ್ಲಾ ವರದಿಗಾರರಾದ ನಾವು ‘ಪ್ರಬಲ ಜಾತಿ’ ಎಂಬ ಪದವಿಲ್ಲದೆ ಒಂದು ಸುದ್ದಿಯನ್ನೂ ಕಳಿಸುವುದಿಲ್ಲ. ಆ ಪದಕ್ಕೆ ಖಚಿತ ಅರ್ಥ ಕೊಟ್ಟವರು ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್. 1959ರಲ್ಲಿ ಅವರು ಬರೆದ ‘ದಿ ಡಾಮಿನೆಂಟ್ ಕಾಸ್ಟ್ ಇನ್ ರಾಂಪುರ’ ಲೇಖನವನ್ನು ವಾದ, ಸಾಕ್ಷ್ಯ, ನಿಲುವು ಎಂದು ಮೂರು ಭಾಗ ಮಾಡಿ ಓದಿದರೆ ಪದದ ತೂಕ ತಿಳಿಯುತ್ತದೆ.

ವಾದ ಇಷ್ಟು: ಊರಿನ ಮೇಲೆ ಹಿಡಿತ ಇರುವುದು ಮಡಿಯಲ್ಲಿ ಮೇಲಿರುವ ಜಾತಿಗೇ ಅಂತಲ್ಲ. ಜನಸಂಖ್ಯೆ, ಜಮೀನು, ರಾಜಕೀಯ ಬಲ ಇರಬೇಕು, ಮಡಿಯ ಏಣಿಯಲ್ಲಿ ತೀರಾ ಕೆಳಗಿರಬಾರದು. ಓದು, ಸರ್ಕಾರಿ ನೌಕರಿಯೂ ಲೆಕ್ಕಕ್ಕೆ ಬರುತ್ತವೆ. ‘ಹೆಚ್ಚು ಓಟಿರುವ ಜಾತಿ’ ಎಂದಷ್ಟೇ ಬರೆದರೆ ವಾದದ ಒಂದು ಕಾಲು ಮಾತ್ರ ಉಳಿಯುತ್ತದೆ.

ಸಾಕ್ಷ್ಯ ಮೈಸೂರು ಸೀಮೆಯ ಒಂದೇ ಹಳ್ಳಿಯದು. ರಾಂಪುರ ಎಂಬುದು ಅವರಿಟ್ಟ ಹೆಸರು. 1948ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಇದ್ದು, 1952ರಲ್ಲಿ ಮತ್ತೆ ಹೋಗಿದ್ದರು. ಊರಲ್ಲಿ ಸುಮಾರು ಅರ್ಧ ಜನ ಒಕ್ಕಲಿಗರು, ಪಟೇಲರೂ ಅವರೇ. ಬೇರೆ ಜಾತಿಯವರ ಜಗಳವೂ ಒಕ್ಕಲಿಗ ಹಿರಿಯರ ಮುಂದೆ ನ್ಯಾಯಕ್ಕೆ ಬರುತ್ತಿತ್ತು. ಹಿಡಿತಕ್ಕೆ ಗಟ್ಟಿ ಪುರಾವೆ ಇದೇ. ಇದರ ಜೊತೆಗೆ ಸಾರಾಂಶದಲ್ಲಿ ಇನ್ನೊಂದು ಸಾಲು ಬೇಕು. ಶ್ರೀನಿವಾಸ್ ಉಳಿದಿದ್ದು ಪಟೇಲರ ಎತ್ತಿನ ಮನೆಯಲ್ಲಿ, ಅವರು ಬ್ರಾಹ್ಮಣರು. ಕೆಳಜಾತಿಯ ಕೇರಿಗೆ ಸಲೀಸಾಗಿ ಹೋಗಿ ಬರಲು ಇವೆರಡೂ ಅಡ್ಡಿಯಾದವೆಂದು ಮುಂದೆ ‘ದಿ ರಿಮೆಂಬರ್ಡ್ ವಿಲೇಜ್’ (1976) ಪುಸ್ತಕದಲ್ಲಿ ಅವರೇ ಹೇಳಿದ್ದಾರೆ. ಪಟೇಲರ ಜಗಲಿಯಿಂದ ಕಂಡ ಊರಿನಲ್ಲಿ ಪಟೇಲರ ಹಿಡಿತ ಎದ್ದು ಕಾಣುವುದು ಸಹಜ. ಹಾಗೆಂದು ವಾದ ಸುಳ್ಳಾಗುವುದಿಲ್ಲ, ಅದರ ಅಳತೆ ತಿಳಿಯುತ್ತದೆ.

ಇನ್ನು ನಿಲುವು. ಶಾಸ್ತ್ರಗ್ರಂಥಗಳ ನಾಲ್ಕು ವರ್ಣಗಳಿಂದ ಜಾತಿಯನ್ನು ತಿಳಿಯುವ ರೂಢಿಗೆ ಎದುರಾಗಿ ಶ್ರೀನಿವಾಸ್ ಹಳ್ಳಿಗೆ ಹೋಗಿ ನೋಡಿ ಎಂದವರು. 1966ರಲ್ಲಿ ಲೂಯಿ ದ್ಯುಮೋನ್ ಜಾತಿಯ ಮೂಲ ಮಡಿ-ಮೈಲಿಗೆಯ ಶ್ರೇಣಿ, ಅಧಿಕಾರ ಅದರ ಕೆಳಗಿನದು ಎಂದರು. 1968ರಲ್ಲಿ ಎಸ್.ಸಿ. ದುಬೆ ಇನ್ನೊಂದು ಕಡೆಯಿಂದ ಕೇಳಿದರು: ಆಳುವುದು ಇಡೀ ಜಾತಿಯೋ, ಅದರೊಳಗಿನ ಕೆಲವು ಮನೆಗಳು, ಬಣಗಳೋ?

ನಮ್ಮ ಸುದ್ದಿಗೆ ಹೆಚ್ಚು ಬೇಕಾದದ್ದು ದುಬೆಯವರ ಈ ಪ್ರಶ್ನೆ. ಪ್ರಬಲ ಎನಿಸಿಕೊಂಡ ಜಾತಿಯಲ್ಲೂ ಕೂಲಿಗೆ ಹೋಗುವವರಿದ್ದಾರೆ. ಅವರನ್ನೂ ಸೇರಿಸಿ ‘ಪ್ರಬಲ’ ಎಂದರೆ ನಿಜವಾಗಿ ಆಳುವ ನಾಲ್ಕು ಮನೆಗಳು ಸುದ್ದಿಯಿಂದ ಮರೆಯಾಗುತ್ತವೆ. ಅದಕ್ಕೇ ನಮ್ಮ ವಾದ: ಆ ಪದ ಬರೆದ ಕಡೆ ಜಮೀನು ಯಾರದ್ದು, ನ್ಯಾಯ ಹೇಳುವವರು ಯಾರು, ನಮಗೆ ಇದನ್ನು ಹೇಳಿದ್ದು ಯಾರ ಜಗಲಿ ಎಂಬುದನ್ನೂ ಬರೆಯಬೇಕು. ಬರೆಯಲು ಆಗದಿದ್ದರೆ ಪದವನ್ನೇ ಬಿಡಬೇಕು.