ಶಿಬಿರಕ್ಕೊಂದು ಹೆಸರು

ಬೇಸಿಗೆಯ ರಜೆಯಲ್ಲಿ ಮಕ್ಕಳಿಗಾಗಿ ಏರ್ಪಡಿಸುವ ಶಿಬಿರಕ್ಕೆ ಹೆಸರಿಡುವುದು ಮಗುವಿಗೆ ಹೆಸರಿಡುವುದಕ್ಕಿಂತ ಕಠಿನ. ಮಗುವಿನ ಹೆಸರನ್ನು ಹಿರಿಯರು ಒಪ್ಪಿದರೆ ಸಾಕು. ಇದನ್ನಾದರೋ ಕಳುಹಿಸುವ ತಂದೆತಾಯಿಗಳೂ ಒಪ್ಪಬೇಕು, ಹೋಗುವ ಮಕ್ಕಳೂ ಒಪ್ಪಬೇಕು. ‘ವ್ಯಕ್ತಿತ್ವ ವಿಕಸನ ಶಿಬಿರ’ವೆಂದೊಡನೆ ತಂದೆಯ ಮುಖ ಅರಳುತ್ತದೆ, ಮಗನ ಮುಖ ಬಾಡುತ್ತದೆ.

ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪುಗಳಲ್ಲಿ ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ನೆಲೆ ಕಲ್ಪಿಸಿದ ಊರುಗಳಿವು. ವರ್ಷವೆಲ್ಲ ಕ್ಯಾಂಪಿನಲ್ಲೇ ಇರುವ ಬಾಲಕನಿಗೆ ‘ಸಮ್ಮರ್ ಕ್ಯಾಂಪ್’ ಎಂಬುದರಲ್ಲಿ ಹೊಸತೇನು? ‘ಶಿಬಿರ’ವೆನ್ನೋಣವೆಂದರೆ, ಬಂಗಾಳಿಯಲ್ಲಿ ನಿರಾಶ್ರಿತರ ಬಿಡಾರಕ್ಕೂ ಅದೇ ಪದ. ಕನ್ನಡದ ಮನೆಗಳಲ್ಲಿ ಆ ಮಾತು ನೇತ್ರಚಿಕಿತ್ಸೆಯನ್ನು ನೆನಪಿಗೆ ತರುತ್ತದೆ.

ಮೈಸೂರಿನ ರಂಗಾಯಣವು ತನ್ನ ಬೇಸಿಗೆ ಶಿಬಿರವನ್ನು ‘ಚಿಣ್ಣರ ಮೇಳ’ವೆಂದು ಕರೆಯಿತು. ಅದರಲ್ಲಿ ಪಾಠದ ಸೋಂಕಿಲ್ಲ. ಮೇಲಾ ಎಂದರೆ ಬಂಗಾಳಿ ಮಕ್ಕಳಿಗೂ ಜಾತ್ರೆಯೇ. ಆದರೆ ರಂಗಾಯಣದ ಹೆಸರನ್ನೇ ಕೇಳದ ತಾಯಿಗೆ, ಮಗು ಅಲ್ಲಿ ಕಲಿಯುವುದೇನೆಂದು ತಿಳಿಯದು. 2017ರಲ್ಲಿ ಸರ್ಕಾರಿ ಶಾಲೆಗಳಲ್ಲಿ ನಡೆದ ‘ಬೇಸಿಗೆ ಸಂಭ್ರಮ’ವು ಇದಕ್ಕೊಂದು ಉಪಾಯ ತೋರಿತು: ಮೇಲೆ ಮಕ್ಕಳಿಗೊಪ್ಪುವ ಹೆಸರು, ಕೆಳಗೆ ‘ಸ್ವಲ್ಪ ಓದು, ಸ್ವಲ್ಪ ಮೋಜು’ ಎಂಬ ಅಡಿಸಾಲು. ಇದರಲ್ಲೊಂದು ಕೊರತೆಯೂ ಇದೆ. ಓದು ಬೇರೆ, ಮೋಜು ಬೇರೆಯೆಂದಾಗ, ಮೊದಲನೆಯದನ್ನು ಸಹಿಸಿದರೆ ಎರಡನೆಯದು ಸಿಕ್ಕೀತೆಂದು ಮಗು ಲೆಕ್ಕ ಹಾಕುತ್ತದೆ. ಎರಡೂ ಒಂದೇ ಆಗಿರುವ ಕೆಲಸವನ್ನು ಮೊದಲು ಆರಿಸಿ, ಆಮೇಲೆ ಅದಕ್ಕೆ ಹೆಸರಿಡುವುದು ಮೇಲು.

ತುಂಗಭದ್ರಾ ಎಡದಂಡೆಯ ಸೀಮೆಯಲ್ಲಿ ಅಂಥ ಕೆಲಸವನ್ನು ದೂರ ಹುಡುಕಬೇಕಿಲ್ಲ. ‘ನೀರಿನ ಜಾಡು’ ಎನ್ನೋಣ. ಮಕ್ಕಳಿಗೆ ಅದು ಪತ್ತೇದಾರಿ. ಬಂಗಾಳಿ ಕಿವಿಗೆ ‘ಜಾದು’ವಿನಂತೆ ಕೇಳಿಸಿದರೂ ನಷ್ಟವಿಲ್ಲ. ಅಡಿಸಾಲು ತಂದೆತಾಯಿಗಳಿಗೆ: ‘ಅಳತೆ, ನಕ್ಷೆ, ದಿನಚರಿ, ಹತ್ತು ದಿನ, 9ರಿಂದ 12 ವರ್ಷದವರಿಗೆ’. ಆಳವಾದ ಮುಖ್ಯ ಕಾಲುವೆಯ ಅಂಚಿಗೆ ಒಯ್ಯದೆ, ಹಿರಿಯರ ಜೊತೆಯಲ್ಲಿ ಹೊಲದ ಕಿರುಗಾಲುವೆಯಲ್ಲೇ ಆಟ ನಡೆಯಲಿ. ನೀರಿದ್ದರೆ ಒಂದು ಎಲೆಯನ್ನು ತೇಲಿಬಿಡಿ. 10 ಮೀಟರನ್ನು ಅದು 20 ಸೆಕೆಂಡಿನಲ್ಲಿ ದಾಟಿದರೆ, ಮೇಲ್ಮೈಯಲ್ಲಿ ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರ್. ಕಾಲುವೆ ಒಣಗಿದ್ದರೆ ಅಗಲ, ಆಳಗಳನ್ನು ಅಳೆದು ನಕ್ಷೆ ಬರೆಯಬಹುದು.

ಅಚ್ಚಿಗೆ ಕೊಡುವ ಮುನ್ನ ಹೆಸರನ್ನು ಪರೀಕ್ಷಿಸಿರಿ. ಐದಾರು ಮಕ್ಕಳಿಗೆ ಹೇಳಿ, ‘ಅಲ್ಲಿ ಏನು ಮಾಡುತ್ತೀರಿ?’ ಎಂದು ಕೇಳಿರಿ. ‘ಪಾಠ’ವೆಂಬ ಉತ್ತರ ಬಂದರೆ ಹೆಸರು ಸೋತಿತು. ತಾಯಂದಿರನ್ನು, ‘ಮಗು ಮನೆಗೆ ಏನು ತರುತ್ತದೆ?’ ಎಂದು ಕೇಳಿರಿ. ಅವರು ಸುಮ್ಮನಾದರೆ ಅಡಿಸಾಲನ್ನು ತಿದ್ದಬೇಕು. ಕೊನೆಯದಾಗಿ ಹೆಸರಿನ ಒಂದೊಂದು ಪದವನ್ನೂ ವೇಳಾಪಟ್ಟಿಯಲ್ಲಿ ಹುಡುಕಿರಿ. ‘ಸಾಹಸ’ವೆಂದು ಕರೆದು ದಿನವೆಲ್ಲ ಚಿತ್ರಕ್ಕೆ ಬಣ್ಣ ತುಂಬಿಸಿದರೆ, ಮೂರನೆಯ ದಿನದ ಹಾಜರಿಯೇ ಗುಟ್ಟನ್ನು ಹೊರಗೆಡಹುತ್ತದೆ. ದೊಡ್ಡವರು ಹಣ ಹೋಯಿತೆಂದು ಗೊಣಗಿ ಮರೆತಾರು. ಮಾತು ತಪ್ಪಿದವರನ್ನು ಮಕ್ಕಳು ಮರೆಯುವುದಿಲ್ಲ.