ಕಿವಿಗೆ ಕೇಳುವ ಮಹಾಪ್ರಾಣ, ಬರೆಹಕ್ಕೆ ಬೇಕಾದ ಮಹಾಪ್ರಾಣ

ಕನ್ನಡಿಗರ ಆಡುಮಾತಿನಲ್ಲಿ ಮಹಾಪ್ರಾಣವಿಲ್ಲ, ಆದ್ದರಿಂದ ಬರೆಹದಲ್ಲೂ ಅದು ಬೇಡ ಎಂಬ ವಾದವನ್ನು ಡಿ. ಎನ್. ಶಂಕರ ಭಟ್ಟರು ಬಲವಾಗಿ ಮುಂದಿಟ್ಟರು. ಈ ವಾದದ ಮೊದಲ ಭಾಗವನ್ನು ಕಲಬುರಗಿ ಸೀಮೆಯಲ್ಲಿ ನಿಂತು ಪರಿಶೀಲಿಸಬೇಕು. ಮಹಾಗಾಂವ, ಕಮಲಾಪುರದ ಕಡೆಯ ಮಾತಿನಲ್ಲಿ ‘ಭಾಳ’ ಎಂಬುದು ದಿನಬಳಕೆಯ ಪದ. ‘ಬಹಳ’ದಲ್ಲಿ ಬಕಾರ ಹಕಾರಗಳ ನಡುವಣ ಸ್ವರ ಬಿದ್ದುಹೋಗಿ, ಎರಡೂ ಒಂದೇ ಉಸಿರಿನಲ್ಲಿ ಬೆರೆತು ಭಕಾರ ಹುಟ್ಟಿದೆ. ‘ಖರೆ’ಯಂಥ ಮಾತುಗಳು ಮರಾಠಿಯ ನೆರೆಯಿಂದ ಬಂದವು, ಉರ್ದುವಿನ ಒಡನಾಟವೂ ಇಲ್ಲಿ ಹಳೆಯದು. ಹೀಗಾಗಿ ಈ ಭಾಗದವರ ನಾಲಿಗೆಗೆ ಮಹಾಪ್ರಾಣ ಅಪರಿಚಿತವಲ್ಲ.

ಆದರೆ ತೊಡಕು ಬೇರೆಡೆ ಇದೆ. ಮಾತಿನಲ್ಲಿ ಭಕಾರ ಕೇಳಿಸುವ ‘ಭಾಳ’ವನ್ನು ಬರೆಯುವಾಗ ‘ಬಹಳ’ ಎನ್ನಬೇಕು; ಬರೆಹದಲ್ಲಿ ಧಕಾರವಿರುವ ‘ಪ್ರಬಂಧ’ವಾದರೋ ಮಾತಿನಲ್ಲಿ ಬಹುಮಟ್ಟಿಗೆ ‘ಪ್ರಬಂದ’. ಕಿವಿಯನ್ನು ನಂಬಿ ಬರೆದವನಿಗೆ ಎರಡು ಕಡೆಯೂ ಸೋಲು.

ಉತ್ತರಪತ್ರಿಕೆಗಳಲ್ಲಿ ‘ಪ್ರಭಂದ’, ‘ಸಂಭಂದ’ ಎಂಬ ರೂಪಗಳು ಪದೇ ಪದೇ ಕಾಣುತ್ತವೆ. ಇವನ್ನು ಅಜಾಗರೂಕತೆ ಎಂದು ತಳ್ಳಿಹಾಕುವುದು ಅವಸರದ ತೀರ್ಪು. ಪದದಲ್ಲಿ ಒಂದು ಮಹಾಪ್ರಾಣ ಉಂಟೆಂದು ವಿದ್ಯಾರ್ಥಿಗೆ ನೆನಪಿದೆ. ಅದರ ಸ್ಥಾನ ಮಾತ್ರ ತಿಳಿಯದು. ಉಚ್ಚಾರವು ಅದನ್ನು ಹೇಳಿಕೊಡುವುದೂ ಇಲ್ಲ.

ಹೇಳಿಕೊಡುವುದು ಧಾತು. ‘ಬಂಧ್’ ಧಾತುವಿನಲ್ಲಿ ಮಹಾಪ್ರಾಣ ಕೊನೆಗಿದೆ. ಬಂಧನ, ಸಂಬಂಧ, ಪ್ರಬಂಧ, ನಿಬಂಧಗಳಲ್ಲೂ ಅದು ಅಲ್ಲಿಂದ ಕದಲದು. ‘ಭೂ’ ಧಾತುವಿನಿಂದ ಬಂದ ಸಂಭವ, ಪ್ರಭಾವಗಳಲ್ಲಿ ಅದು ಭಕಾರದಲ್ಲೇ ಇದೆ. ಇದರ ಹಿಂದೆ ಒಂದು ಹಳೆಯ ನಿಯಮವುಂಟು: ಅಕ್ಕಪಕ್ಕದ ಎರಡು ಅಕ್ಷರಗಳಲ್ಲಿ ಮಹಾಪ್ರಾಣ ಬಂದರೆ ಸಂಸ್ಕೃತವು ಸಾಮಾನ್ಯವಾಗಿ ಮೊದಲನೆಯದನ್ನು ಅಲ್ಪಪ್ರಾಣವಾಗಿಸುತ್ತದೆ. ‘ಬಂಧ್’, ‘ಬುಧ್’ ಧಾತುಗಳ ಬಕಾರ ಹೀಗೆ ಉಳಿದದ್ದು. ಆದ್ದರಿಂದ ‘ಭಂಧ’ವೂ ಅಸಾಧ್ಯ, ‘ಭಂದ’ವೂ ತಪ್ಪು. (ಅಭಿಧಾನ ಮೊದಲಾದವುಗಳಲ್ಲಿ ಉಪಸರ್ಗಕ್ಕೊಂದು, ಧಾತುವಿಗೊಂದು ಮಹಾಪ್ರಾಣವಿರುವುದರಿಂದ ಅಲ್ಲಿ ಈ ನಿಯಮ ತಟ್ಟದು.) ‘ಲಾಭ’ದ ಮಹಾಪ್ರಾಣ ‘ಲಬ್ಧ’ದಲ್ಲಿ ಮುಂದಿನ ಅಕ್ಷರಕ್ಕೆ ಸರಿದಿರುವುದೂ, ‘ಬುಧ್’ ‘ಬುದ್ಧ’ವಾಗುವುದೂ ಇಂಥದೇ ಕ್ರಮಬದ್ಧ ಚಲನೆ. ಮಹಾಪ್ರಾಣವು ದಕಾರದ ಒತ್ತಿನ ಮೇಲೆ ಏಕೆ ಬಂತೆಂದು ಒಮ್ಮೆ ಅರಿತವನು ‘ಬುದ್ದಿ’ ಎಂದು ಬರೆಯಲಾರ.

ಕನ್ನಡದ ಸಹಜ ಪದಗಳ ಮಾತು ಬೇರೆ. ‘ಒಂಭತ್ತು’ ಎಂಬ ಬರೆಹ ಇಂದಿಗೂ ಅಲ್ಲಲ್ಲಿ ಕಾಣುತ್ತದೆ, ಅಲ್ಲಿರುವುದು ‘ಪತ್ತು’. ಪಕಾರವು ಅನುನಾಸಿಕದ ಮುಂದೆ ಬಕಾರವಾಗಿದೆಯೇ ಹೊರತು ಭಕಾರಕ್ಕೆ ಅಲ್ಲಿ ಕಾರಣವಿಲ್ಲ. ಸುಖ ಸೊಗವಾಗಿ, ಘೂಕ ಗೂಗೆಯಾಗಿ ಮಹಾಪ್ರಾಣವನ್ನು ಕಳಚಿಕೊಂಡದ್ದೂ ಕನ್ನಡದ್ದೇ ದಾರಿ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಟುಗಳಿಗೆ ಅಪಭ್ರಂಶಪ್ರಕರಣವನ್ನೇ ಮೀಸಲಿಟ್ಟ. ಆದರೆ ‘ಸೊಗ’ ಬಂದಿತೆಂದು ‘ಸುಖ’ ಹೋಗಲಿಲ್ಲ. ಎರಡೂ ತಮ್ಮ ತಮ್ಮ ಅರ್ಥಛಾಯೆಯೊಡನೆ ಉಳಿದವು. ‘ಸುಕ’ ಎಂದು ಬರೆದರೆ ಈ ಎರಡರಲ್ಲಿ ಯಾವುದೂ ಆಗದು. ಭಟ್ಟರ ಸುಧಾರಣೆಯನ್ನು ಒಪ್ಪಲು ಅಡ್ಡಿಯಾಗುವುದು ಇದೇ.