ಎಡಕ್ಕೋ ಬಲಕ್ಕೋ: ನಿರ್ಧಾರ ಮನೆಯಲ್ಲೇ ಆಗಲಿ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಹಾರಾಟವೆಲ್ಲ ಅಲ್ಲಿಗೆ ಸ್ಥಳಾಂತರಗೊಂಡಿತು. ಆದರೂ ಯಾವ ಟರ್ಮಿನಲ್‌ಗೆ ಹೋಗಬೇಕೆಂಬ ಕಾರು ಓಡಿಸುವವರ ಗೊಂದಲ ತೀರಿಲ್ಲ.

ವಿಮಾನ ಕಂಪನಿಯ ಹೆಸರನ್ನಷ್ಟೇ ನೋಡಿ ಹೊರಡುವುದು ಇದಕ್ಕೆ ಮುಖ್ಯ ಕಾರಣ. ಇಂಡಿಗೋ ಹಿಡಿದು ದೆಹಲಿಗೆ ಹೋಗುವ ಅಣ್ಣ ಒಂದನೇ ಟರ್ಮಿನಲ್‌ನಲ್ಲಿ ಇಳಿದರೆ, ಅದೇ ಇಂಡಿಗೋದಲ್ಲಿ ದುಬೈಗೆ ಹೊರಟ ತಮ್ಮ ಎರಡನೆಯದರಲ್ಲಿ ಇಳಿಯಬೇಕು. ಮುಂಬೈಯಲ್ಲಿ ವಿಮಾನ ಬದಲಿಸಿ ವಿದೇಶಕ್ಕೆ ಹೋಗುವವರಂತೂ ಟಿಕೆಟ್‌ನಲ್ಲಿ ಬೆಂಗಳೂರಿನಿಂದ ಹೊರಡುವ ಮೊದಲ ಹಾರಾಟದ ಸಾಲನ್ನೇ ಓದಬೇಕು. ಟರ್ಮಿನಲ್ ಸಂಖ್ಯೆ ಇರುವುದು ಅಲ್ಲಿ. ಹೊರಡುವ ದಿನ ಅದನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಲೇಸು.

ಮೊಬೈಲ್ ನಕ್ಷೆಯಲ್ಲಿ ಬರೀ ‘ಏರ್‌ಪೋರ್ಟ್’ ಎಂದರೆ ಸಾಲದು. ಟರ್ಮಿನಲ್ ಸಂಖ್ಯೆಯ ಜೊತೆಗೆ ‘ಡಿಪಾರ್ಚರ್’ ಎಂದೂ ಹಾಕಬೇಕು. ಇಲ್ಲವಾದರೆ ಅದು ಪಾರ್ಕಿಂಗ್‌ಗೋ ಆಗಮನದ ಬಾಗಿಲಿಗೋ ಕರೆದೊಯ್ಯಬಹುದು. ಹೆದ್ದಾರಿ ಬಿಟ್ಟು ನಿಲ್ದಾಣದ ರಸ್ತೆ ಹಿಡಿದ ಮೇಲೆ ತಲೆಯ ಮೇಲಿನ ಫಲಕಗಳೇ ದಾರಿ. ಕವಲು ಬರುವ ಮೊದಲೇ ಸರಿಯಾದ ಲೇನ್ ಸೇರಬೇಕು.

ಕವಲು ತಪ್ಪಿದರೆ ಬ್ರೇಕ್ ಹಾಕಿ ಹಿಂದಕ್ಕೆ ಬರುವುದು ಅಪಾಯ. ಮುಂದೆ ಸಾಗಿ ಸುತ್ತಿ ಬರುವುದೇ ಸರಿ. ತಪ್ಪು ಬಾಗಿಲಲ್ಲಿ ಇಳಿದಾಗಿದ್ದರೆ, ಎರಡು ಟರ್ಮಿನಲ್‌ಗಳ ನಡುವೆ ಓಡುವ ಉಚಿತ ಬಸ್ ಇದೆ. ಲಗೇಜು ಇಳಿಸುವ ಮುನ್ನವೇ ಟಿಕೆಟ್ ಮತ್ತು ಗುರುತಿನ ಚೀಟಿ ಕೈಯಲ್ಲಿರಲಿ, ಪ್ರವೇಶದ್ವಾರದ ಭದ್ರತಾ ಸಿಬ್ಬಂದಿ ಮೊದಲು ಕೇಳುವುದು ಅವನ್ನೇ.